ಅತ್ತೆಯ ಅರ್ಜಿ ಮತ್ತು ಇಪ್ಪತ್ತು ನಿಮಿಷ

ನಮ್ಮ ಅತ್ತೆಗೆ ಒಂದು ಅಭ್ಯಾಸವಿತ್ತು. ಇಂಗ್ಲಿಷಿನಲ್ಲಿ ಏನೇ ಬರೆದರೂ ಅದನ್ನು ಒಮ್ಮೆ ಕನ್ನಡದಲ್ಲಿ ಗಟ್ಟಿಯಾಗಿ ಹೇಳಿ ನೋಡುವುದು. ಹೇಳುವಾಗ ನಾಚಿಕೆಯಾದರೆ ಆ ವಾಕ್ಯ ಸುಳ್ಳು ಎಂದು ಅವರ ತೀರ್ಮಾನ. ರಜಾ ಚೀಟಿಗೂ ಇದೇ ಪರೀಕ್ಷೆ. ನಮ್ಮದು ಮದರಾಸಿನಲ್ಲಿ ಮೂರು ತಲೆಮಾರು ಕಳೆದ ಮನೆ. ಬೀದಿಗೆ ತಮಿಳು, ಆಫೀಸಿಗೆ ಇಂಗ್ಲಿಷು, ನಿಜ ಹೇಳುವುದಕ್ಕೆ ಕನ್ನಡ ಎಂದು ಅವರು ಭಾಷೆಗಳಿಗೆ ಕೆಲಸ ಹಂಚಿಬಿಟ್ಟಿದ್ದರು. ಪಕ್ಕದಲ್ಲಿ ಕೂತು ಟೈಪ್ ಮಾಡುವವಳಿಗೆ ಇದೆಂಥ ತಲೆನೋವು ಎಂದು ಅವರಿಗೆ ಹೊಳೆದಿರಲಿಕ್ಕಿಲ್ಲ. ಆ ಟೈಪ್ ಮಾಡುವವಳು ನಾನು.

ಅತ್ತೆ ನಮ್ಮಪ್ಪನ ತಂಗಿ. ಮದುವೆಯಾಗಿರಲಿಲ್ಲ, ಅಡ್ಯಾರಿನ ನಮ್ಮ ಮನೆಯಲ್ಲೇ ಇದ್ದರು. ಕಿವಿ ಕೇಳಿಸದ ಮಕ್ಕಳ ಶಾಲೆಯೊಂದರಲ್ಲಿ ಹತ್ತೊಂಬತ್ತು ವರ್ಷದಿಂದ ಪಾಠ ಹೇಳುತ್ತಿದ್ದರು, ಹತ್ತೊಂಬತ್ತು ವರ್ಷವೂ ತಾತ್ಕಾಲಿಕ ಟೀಚರಾಗಿಯೇ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದಾಗ ಶಾಲೆಯವರು ಹೇಳಿದರು: ಇನ್ನು ಮುಂದೆ ವಿಶೇಷ ಶಿಕ್ಷಣದ ಡಿಪ್ಲೊಮಾ ಇಲ್ಲದವರನ್ನು ಇಟ್ಟುಕೊಳ್ಳಲಾಗುವುದಿಲ್ಲ. ಕೆಲಸದಲ್ಲಿರುವವರಿಗೆಂದೇ ಒಂದು ಸಂಸ್ಥೆ ಆ ಕೋರ್ಸು ನಡೆಸುತ್ತಿತ್ತು. ವಯಸ್ಸಿನ ಮಿತಿ ನಲವತ್ತೈದು, ಅತ್ತೆಗೆ ನಲವತ್ತನಾಲ್ಕು. ಅರ್ಜಿ ಇಂಟರ್‌ನೆಟ್ಟಿನಲ್ಲಿ ಮಾತ್ರ. ಕೊನೆಯ ದಿನ ಸೋಮವಾರ, ಸಂಜೆ ಐದರೊಳಗೆ. ಈ ವರ್ಷ ತಪ್ಪಿದರೆ ಆ ಮಕ್ಕಳೂ ಇಲ್ಲ, ಆ ಕೆಲಸವೂ ಇಲ್ಲ.

ಶನಿವಾರ ಮಧ್ಯಾಹ್ನ ಇಬ್ಬರೂ ಬಸ್ ಡಿಪೋ ಹತ್ತಿರದ ಬ್ರೌಸಿಂಗ್ ಸೆಂಟರಿಗೆ ಹೋದೆವು. ಔಷಧಿ ಅಂಗಡಿಯ ಮೇಲಿನ ಮಹಡಿ, ಪ್ಲೈವುಡ್ ಅಡ್ಡಗಟ್ಟಿದ ಎಂಟು ಗೂಡು. ನಡೆಸುತ್ತಿದ್ದವರು ಐವತ್ತರ ಆಸುಪಾಸಿನ ಒಬ್ಬ ತಮಿಳು ಹೆಂಗಸು, ಎಲ್ಲರಿಗೂ ಅಕ್ಕ. ನಾನು ಆಗಷ್ಟೇ ಡಿಗ್ರಿ ಮುಗಿಸಿದ್ದೆ, ಕಂಪ್ಯೂಟರ್ ಕ್ಲಾಸಿನ ಸರ್ಟಿಫಿಕೇಟೂ ಇತ್ತು. ನನಗೆ ಗೊತ್ತಿಲ್ಲದ್ದು ಏನಿದೆ ಎಂಬ ಜಂಬ ಬೇರೆ.

ಮೊದಲ ಪುಟ ಹೆಸರು, ವಿಳಾಸ, ವಯಸ್ಸು. ಐದು ನಿಮಿಷದಲ್ಲಿ ತುಂಬಿ ಸೇವ್ ಒತ್ತಿದೆ. ಎರಡನೇ ಪುಟದಲ್ಲಿ ಮೂರು ದೊಡ್ಡ ಚೌಕಗಳು: ನಿಮ್ಮ ಅನುಭವ, ನೀವು ಎದುರಿಸಿದ ಕಷ್ಟ, ಈ ಕೋರ್ಸು ಏಕೆ ಬೇಕು. ಪುಟದ ತಲೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು. ಸುರಕ್ಷತೆಗಾಗಿ, ಇಪ್ಪತ್ತು ನಿಮಿಷ ಚಟುವಟಿಕೆ ಇಲ್ಲದಿದ್ದರೆ ನಿಮ್ಮನ್ನು ಹೊರಗೆ ಕಳಿಸಲಾಗುವುದು.

"ಏನೇ ಅದು?" ಎಂದರು ಅತ್ತೆ.

"ಸುಮ್ನೆ ಕೂತಿರೋರಿಗೆ ಅತ್ತೆ. ನಾವು ಟೈಪ್ ಮಾಡ್ತಾನೇ ಇರ್ತೀವಲ್ಲ."

ನನ್ನ ಇಡೀ ಬದುಕಿನಲ್ಲಿ ಇಷ್ಟು ಧೈರ್ಯವಾಗಿ ಇಷ್ಟು ತಪ್ಪು ಹೇಳಿದ್ದು ಇನ್ನೊಂದಿಲ್ಲ.

ಅತ್ತೆ ಹೇಳುತ್ತ ಹೋದರು, ನಾನು ಹೊಡೆಯುತ್ತ ಹೋದೆ. ಮಕ್ಕಳ ಸಂವಹನ ಕೌಶಲದಲ್ಲಿ ಗಣನೀಯ ಪ್ರಗತಿ ಸಾಧಿಸಿದ್ದೇನೆ ಎಂಬರ್ಥದ ಒಂದು ಭರ್ಜರಿ ಇಂಗ್ಲಿಷ್ ವಾಕ್ಯವನ್ನು ನಾನೇ ಸೇರಿಸಿದೆ. ಅತ್ತೆ ಅದನ್ನು ಕನ್ನಡದಲ್ಲಿ ಹೇಳಿ ನೋಡಿ ಮುಖ ಸಿಂಡರಿಸಿದರು.

"ಥೂ, ಯಾರೇ ಹೀಗೆ ಮಾತಾಡ್ತಾರೆ? ಅಳಿಸು. ಹೀಗ್ ಬರಿ: ಮಗು ನನ್ನ ಗಂಟಲ ಮೇಲೆ ಕೈ ಇಡತ್ತೆ. ನಾನು ನಕ್ಕರೆ ಅದರ ಬೆರಳಿಗೆ ಗೊತ್ತಾಗತ್ತೆ. ಆಮೇಲೆ ತನ್ನ ಗಂಟಲ ಮೇಲೆ ಇಟ್ಕೊಂಡು ತಾನೂ ನಗಕ್ಕೆ ನೋಡತ್ತೆ."

"ಅರ್ಜೀಲಿ ಇದನ್ನೆಲ್ಲ ಬರೀತಾರಾ ಅತ್ತೆ?"

"ಕಂಡಿಪ್ಪಾ, ಖಂಡಿತ ಬರೀಬೇಕು. ನಾನು ಮಾಡೋದು ಅದೇ ತಾನೆ?"

ಹೀಗೆ ಒಂದೊಂದು ವಾಕ್ಯಕ್ಕೂ ಪರೀಕ್ಷೆ. ಪುಟದ ಕೆಳಗೆ ಸೇವ್ ಬಟನ್ ಇತ್ತು. ನಡುವೆ ಒಮ್ಮೆ ಒತ್ತಲು ಹೋದೆ, ಅತ್ತೆ ನನ್ನ ಕೈ ಹಿಡಿದರು. ಅರ್ಧ ಬರೆದ ಉತ್ತರ ಪತ್ರಿಕೆಯನ್ನು ಯಾರಾದರೂ ಕೊಡುತ್ತಾರೆಯೇ ಎಂದು ಅವರ ಪ್ರಶ್ನೆ. ಸೇವ್ ಎಂದರೆ ಕಳಿಸಿದ ಹಾಗಲ್ಲ ಎಂದು ವಾದ ಮಾಡುವಷ್ಟು ತಾಳ್ಮೆ ನನಗಿರಲಿಲ್ಲ, ಬಿಟ್ಟೆ. ಮೂರೂ ಚೌಕ ತುಂಬುವ ಹೊತ್ತಿಗೆ ಒಂದು ಗಂಟೆ ಮೇಲಾಗಿತ್ತು. ಆಗ ಸೇವ್ ಒತ್ತಿದೆ.

ಪರದೆಯ ಮೇಲೆ ಬಂದದ್ದು ಲಾಗಿನ್ ಪುಟ. ನಿಮ್ಮ ಅವಧಿ ಮುಗಿದಿದೆ, ಮತ್ತೆ ಪ್ರವೇಶಿಸಿ.

ಹಿಂದಕ್ಕೆ ಹೋಗುವ ಬಾಣ ಒತ್ತಿದೆ. ಚೌಕಗಳು ಬಂದವು, ಖಾಲಿ. ಮತ್ತೆ ಲಾಗಿನ್ ಆಗಿ ನೋಡಿದೆ. ಮೊದಲ ಪುಟದ ಹೆಸರು, ವಿಳಾಸ ಭದ್ರವಾಗಿ ಕೂತಿದ್ದವು. ಎರಡನೇ ಪುಟದಲ್ಲಿ ಒಂದಕ್ಷರವೂ ಇಲ್ಲ.

ಅತ್ತೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಹತ್ತೊಂಬತ್ತು ವರ್ಷ," ಎಂದಷ್ಟೇ ಹೇಳಿ ಕೈಚೀಲ ಮಡಿಲಲ್ಲಿಟ್ಟುಕೊಂಡು ಕೂತರು. ನನಗೆ ಅಳು ಬಂತು. ಅಳುವಿನ ನಡುವೆಯೇ ಒಂದು ಕುತೂಹಲ ಕಚ್ಚಿ ಹಿಡಿಯಿತು: ವಿಳಾಸ ಮಾತ್ರ ಏಕೆ ಉಳಿಯಿತು?

ಅಕ್ಕ ಬಂದು ಇಣುಕಿದರು. "ಟೈಮ್ ಔಟ್ ಆಯಿಡ್ಚಾ ಮ್ಮಾ?" ಎಂದರು, ದಿನಕ್ಕೆ ನಾಲ್ಕು ಬಾರಿ ನೋಡುವವರ ದನಿಯಲ್ಲಿ.

"ನಾವು ಟೈಪ್ ಮಾಡುತ್ತಲೇ ಇದ್ದೆವಲ್ಲ, ಹೇಗೆ ಆಗುತ್ತದೆ?" ಎಂದು ನಾನು ಜಗಳಕ್ಕೇ ನಿಂತೆ. ಅವರು ತಮಿಳಿನಲ್ಲಿ ವಿವರಿಸಿದ್ದು ಇಷ್ಟು. ನೀನು ಹೊಡೆಯುವ ಅಕ್ಷರ ಈ ಮೇಜಿನ ಮೇಲಿರುವ ಕಂಪ್ಯೂಟರಿನಲ್ಲೇ ಇರುತ್ತದೆ. ಅರ್ಜಿ ಇರುವುದು ಎಲ್ಲೋ ದೂರದ ಕಂಪ್ಯೂಟರಿನಲ್ಲಿ. ಬಟನ್ ಒತ್ತಿದಾಗ ಮಾತ್ರ ಇಲ್ಲಿಂದ ಅಲ್ಲಿಗೆ ಸುದ್ದಿ ಹೋಗುತ್ತದೆ. ನಡುವೆ ನೀನು ಬರೆಯುತ್ತಿದ್ದೀಯೋ, ಎದ್ದು ಹೋಗಿದ್ದೀಯೋ ಅದಕ್ಕೆ ತಿಳಿಯುವುದಿಲ್ಲ. ಇಂತಿಷ್ಟು ಹೊತ್ತು ಸುದ್ದಿ ಬರದಿದ್ದರೆ ಹೋದರು ಎಂದು ಲೆಕ್ಕ ಹಾಕಿ ಬಾಗಿಲು ಹಾಕಿಕೊಳ್ಳುತ್ತದೆ. ಬಾಗಿಲು ಹಾಕಿದ ಮೇಲೆ ನೀನು ಕಳಿಸಿದ್ದನ್ನು ತೆಗೆದುಕೊಳ್ಳುವುದಿಲ್ಲ.

ಮೊದಲ ಪುಟ ಉಳಿದದ್ದು ಏಕೆಂದು ಆಗ ಹೊಳೆಯಿತು. ಐದು ನಿಮಿಷಕ್ಕೇ ಒತ್ತಿದ್ದೆನಲ್ಲ.

ಅತ್ತೆ ತಲೆಯೆತ್ತಿದರು. "ಅದಕ್ಕೆ ಕಿವಿ ಕೇಳಿಸೋದಿಲ್ಲ ಅಂತ ಹೇಳಿ ಹಾಗಾದ್ರೆ. ನಾವು ಇಲ್ಲಿ ಎಷ್ಟ್ ಕೂಗಾಡಿದ್ರೂ ಗೊತ್ತಾಗಲ್ಲ. ಮುಟ್ಟಿ ಮುಟ್ಟಿ ಹೇಳ್ಬೇಕು."

ನಾನು ಅಕ್ಕನಿಗೆ ತಮಿಳಿನಲ್ಲಿ ಹೇಳಿದೆ. ಅಕ್ಕ ಅತ್ತೆಯ ಮುಖ ನೋಡಿ, ಆಮಾಂ, ಹೌದು, ಅಷ್ಟೇ, ಎಂದರು. ನಂತರ ನನಗೆ ನೋಟ್‌ಪ್ಯಾಡ್ ತೋರಿಸಿ, ಉದ್ದದ ಬರಹವಿದ್ದರೆ ಮೊದಲು ಇಲ್ಲಿ ಬರೆ, ಆಗಾಗ ಸೇವ್ ಮಾಡು, ಇಲ್ಲಿಂದ ನಕಲು ಮಾಡಿ ಚೌಕಕ್ಕೆ ಅಂಟಿಸು, ಅಂಟಿಸಿದ ತಕ್ಷಣ ಸೇವ್ ಒತ್ತು, ಎಂದು ಪಾಠ ಮಾಡಿದರು. ಸರ್ಟಿಫಿಕೇಟು ಪಡೆದವಳು ತೆಪ್ಪಗೆ ಕೇಳಿದೆ.

ಆದರೆ ಬರೆಯುವುದು ಏನನ್ನು? ಬರೆದದ್ದು ಹೋಗಿತ್ತಲ್ಲ. ಭಾನುವಾರ ಬೆಳಿಗ್ಗೆ ಅತ್ತೆ ಅಡುಗೆಮನೆಯಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದರು. ನಾನು ನೋಟ್‌ಬುಕ್ ಹಿಡಿದು ಎದುರಿಗೆ ಕೂತೆ. ಇಂಗ್ಲಿಷ್ ವಾಕ್ಯ ಒಂದೂ ನೆನಪಿಗೆ ಬರಲಿಲ್ಲ, ಇಬ್ಬರಿಗೂ. ಅವೆಲ್ಲ ಕೈಯಿಂದ ನೇರ ಪರದೆಗೆ ಹೋದ ಮಾತುಗಳು. ಅತ್ತೆ ಸಿಪ್ಪೆ ಬಿಸಾಡುತ್ತ, "ಮಗು ನನ್ನ ಗಂಟಲ ಮೇಲೆ ಕೈ ಇಡತ್ತೆ," ಎಂದರು. ಮುಂದಿನದನ್ನು ನಾನು ಹೇಳಿದೆ. ಅದರ ಮುಂದಿನದು ಅವರು. ಗಟ್ಟಿಯಾಗಿ ಹೇಳಿ, ಕೇಳಿ, ಜಗಳವಾಡಿ ಒಪ್ಪಿದ ಕನ್ನಡವೆಲ್ಲ ಒಂದು ಮಾತೂ ಬಿಡದೆ ಹಾಗೇ ಇತ್ತು. ನಮ್ಮ ಇಪ್ಪತ್ತು ನಿಮಿಷವನ್ನು ತಿಂದು ಹಾಕಿದ ಅಭ್ಯಾಸವೇ ಈಗ ಅರ್ಜಿಯನ್ನು ವಾಪಸು ತಂದುಕೊಡುತ್ತಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ಮೂರೂ ಉತ್ತರ ಇಂಗ್ಲಿಷಿನಲ್ಲಿ ನೋಟ್‌ಬುಕ್ಕಿಗೆ ಬಂದವು. ಅತ್ತೆಯ ಪರೀಕ್ಷೆಯ ಮೇಲೆ ನನಗಿದ್ದ ಸಿಟ್ಟು ಅವತ್ತೇ ಹೋಯಿತು.

ಸೋಮವಾರ ಅತ್ತೆ ಅರ್ಧ ದಿನ ರಜೆ ಹಾಕಿ ಬಂದರು. ನಮಗೆ ಸಿಕ್ಕ ಗೂಡಿನಲ್ಲಿ ಹಿಂದಿನವರು ಬಿಟ್ಟು ಹೋದ ಪುಟ ಹಾಗೇ ತೆರೆದಿತ್ತು. ಯಾರದೋ ಬ್ಯಾಂಕ್ ಖಾತೆ, ಹೆಸರು ಸಮೇತ. ಅತ್ತೆ ಯಾರದೋ ಕೋಣೆಗೆ ಕಾಲಿಟ್ಟ ಹಾಗೆ ಮುಖ ಆ ಕಡೆ ತಿರುಗಿಸಿದರು. ನನ್ನದು ಕೆಟ್ಟ ಕುತೂಹಲ, ಒಪ್ಪಿಕೊಳ್ಳುತ್ತೇನೆ. ಇದೂ ಬಾಗಿಲು ಹಾಕಿಕೊಂಡಿದೆಯೇ ನೋಡೋಣ ಎಂದು ಒಂದು ಕಡೆ ಒತ್ತಿದೆ. ತಕ್ಷಣ ಲಾಗಿನ್ ಪುಟ ಬಂತು. ನಾವು ಕಂಡದ್ದು ಮೊದಲೇ ಪರದೆಗೆ ಬಂದು ಉಳಿದದ್ದು ಮಾತ್ರ. ಒಳಗೆ ಹೋಗಲು ಪಾಸ್‌ವರ್ಡ್ ಬೇಕು, ಅದು ನನ್ನ ಹತ್ತಿರ ಇಲ್ಲ.

"ನೋಡಿದ್ಯಾ," ಎಂದರು ಅತ್ತೆ, ಇನ್ನೂ ಗೋಡೆ ಕಡೆ ಮುಖ ಮಾಡಿಕೊಂಡೇ. "ನಮ್ಮನ್ನ ಆಚೆ ಹಾಕಿದ್ದು ಇಂಥೋರನ್ನ ಕಾಯಕ್ಕೆ. ಅದರ ಮೇಲೆ ಏನ್ ಕೋಪ ಮಾಡ್ಕೊಳ್ಳೋದು?"

ನೋಟ್‌ಪ್ಯಾಡಿನಲ್ಲಿ ಹೊಡೆದು ಫ್ಲಾಪಿಯಲ್ಲಿಟ್ಟುಕೊಂಡೆ. ಒಂದು ಚೌಕ ಅಂಟಿಸಿದೆ, ಸೇವ್. ಇನ್ನೊಂದು, ಸೇವ್. ಮೂರನೆಯದು, ಸೇವ್. ಪ್ರತಿ ಬಾರಿಯೂ ಅತ್ತೆ "ಮುಟ್ಟಿದ್ಯಾ?" ಎಂದು ಕೇಳುತ್ತಿದ್ದರು.

ಕೊನೆಯ ಪುಟದಲ್ಲಿ ಒಂದೇ ಘೋಷಣೆ. ಮೇಲೆ ಬರೆದದ್ದೆಲ್ಲ ನನ್ನ ಅರಿವಿಗೆ ಸತ್ಯ ಎಂದು. ಅದನ್ನು ನೋಡಿದ್ದೇ ಅತ್ತೆ ನೋಟ್‌ಬುಕ್ ತೆಗೆದು ಮೊದಲ ಸಾಲಿನಿಂದ ಎಲ್ಲವನ್ನೂ ಕನ್ನಡದಲ್ಲಿ ಹೇಳಲು ಶುರು ಮಾಡಿದರು. ಮೂರಕ್ಕೆ ಶುರು ಮಾಡಿದ್ದು, ಗಡಿಯಾರ ಮೂರೂವರೆ ದಾಟಿತು. ಶನಿವಾರವಾಗಿದ್ದರೆ ಕಿರುಚಿರುತ್ತಿದ್ದೆ. ಅವತ್ತು ಸುಮ್ಮನೆ ಕೂತು ಕೇಳಿದೆ. ಎಲ್ಲೂ ಅವರಿಗೆ ನಾಚಿಕೆಯಾಗಲಿಲ್ಲ. ಮುಗಿಸಿ, "ನಿಜ. ಒತ್ತು," ಎಂದರು.

ಒತ್ತಿದೆ. ಲಾಗಿನ್ ಪುಟ ಬಂತು.

ಅತ್ತೆ ನನ್ನ ತೋಳು ಹಿಡಿದರು. ಮತ್ತೆ ಪಾಸ್‌ವರ್ಡ್ ಹಾಕಿ ಒಳಗೆ ಹೋದೆ.

"ಇದೆಯೇನೇ?"

"ಇದೆ ಅತ್ತೆ. ಎಲ್ಲಾ ಇದೆ."

ಈ ಬಾರಿ ಅವರೇ ಮೌಸ್ ಹಿಡಿದು ಒತ್ತಿದರು. ಅರ್ಜಿ ಸಂಖ್ಯೆ ಬಂತು. ಅಕ್ಕ ಪ್ರಿಂಟ್ ತೆಗೆದುಕೊಟ್ಟರು. ಏಳುವ ಮುಂಚೆ ಅತ್ತೆ ಲಾಗ್ ಔಟ್ ಎಲ್ಲಿದೆ ಎಂದು ಕೇಳಿ, ಅದನ್ನೂ ತಾವೇ ಒತ್ತಿ, ಆಗಿದೆಯೇ ಎಂದು ಎರಡು ಸಲ ನೋಡಿದರು.

ತಿಂಗಳೊಂದಾದ ಮೇಲೆ ಅಂಚೆಯಲ್ಲಿ ಒಂದು ಉದ್ದನೆಯ ಲಕೋಟೆ ಬಂತು. ಅತ್ತೆ ಬಾಗಿಲಲ್ಲೇ ನಿಂತು ಒಡೆದು ಓದಿದರು. ನಾನು ಓಡಿ ಬಂದು ಏನಾಯಿತು ಎಂದೆ. ಅವರ ತುಟಿ ಮಾತ್ರ ಅಲ್ಲಾಡುತ್ತಿತ್ತು. ಇಂಗ್ಲಿಷಿನ ಆ ನಾಲ್ಕು ಸಾಲನ್ನು ತಮ್ಮ ಭಾಷೆಯಲ್ಲಿ ಹೇಳಿ ನೋಡುತ್ತಿದ್ದಾರೆಂದು ನನಗೆ ತಿಳಿಯಿತು, ಕಾದೆ.

"ಕನ್ನಡದಲ್ಲೂ ಸಿಕ್ಕಿದೆ ಕಣೇ," ಎಂದು ಹೇಳಿ ಅತ್ತೆ ಅಳತೊಡಗಿದರು.