ಆಧಾರ್ ಕಾರ್ಡಿನಲ್ಲಿ ಇಲ್ಲದ ಹಾಡುಗಾರ್ತಿ

ಅರ್ಜಿ ತಿರಸ್ಕೃತವಾದ ಸಂದೇಶ ಬಂದಾಗ ನಾನು ಬೈಲಹೊಂಗಲದ ಕಾಲೇಜು ಗ್ರಂಥಾಲಯದಲ್ಲಿ ಹೊಸ ಪುಸ್ತಕಗಳಿಗೆ ನಂಬರಿನ ಚೀಟಿ ಅಂಟಿಸುತ್ತಿದ್ದೆ. ಎರಡೇ ಸಾಲು ಇದ್ದವು. ಈ ಖಾತೆ ನೀಲಿ ಗುರುತಿಗೆ ಅರ್ಹವಾಗಿಲ್ಲ. ಮೂವತ್ತು ದಿನಗಳ ನಂತರ ಮತ್ತೆ ಅರ್ಜಿ ಹಾಕಬಹುದು. ಕಾರಣ ಬರೆದಿರಲಿಲ್ಲ.

ಸಾಮಾಜಿಕ ಜಾಲತಾಣದ ಆ ಖಾತೆ ನನ್ನದಲ್ಲ, ಅತ್ತೆಯದು. ಅಪ್ಪನ ಅಕ್ಕ. ದೊಡವಾಡದಲ್ಲಿ ಹುಟ್ಟಿ ಬೈಲಹೊಂಗಲಕ್ಕೆ ಸೊಸೆಯಾಗಿ ಬಂದವಳು. ಸೋಬಾನ ಪದ, ತತ್ವಪದ ಹಾಡುತ್ತಾಳೆ. ಕಿತ್ತೂರು, ಸವದತ್ತಿ ಕಡೆ ಮದುವೆ ಮನೆಗಳಲ್ಲಿ, ಭಜನಾ ಮಂಡಳಿಗಳಲ್ಲಿ ಅವಳ ಹೆಸರು ಹೇಳಿದರೆ ಸಾಕು, ಊರು ಹೇಳಬೇಕಿಲ್ಲ. ಅವಳ ಹಾಡುಗಳನ್ನು ಫೋನಿನಲ್ಲಿ ಚಿತ್ರೀಕರಿಸಿ ಅದಕ್ಕೆ ಹಾಕುವ ಕೆಲಸ ನನ್ನದು.

ಖಾತೆ ಅಸಲಿ ಎಂದು ತೋರಿಸುವ ಆ ನೀಲಿ ಗುರುತು ಬೇಕೆನಿಸಿದ್ದು ಜಂಬಕ್ಕಲ್ಲ. ನಾವು ಹಾಕಿದ ಹಾಡುಗಳನ್ನೇ ಎತ್ತಿಕೊಂಡು, ಅವಳದೇ ಫೋಟೊ ಇಟ್ಟು, ಯಾರೋ ಇನ್ನೊಂದು ಖಾತೆ ತೆರೆದಿದ್ದರು. ರಾಮದುರ್ಗದ ಹತ್ತಿರದ ಒಂದು ಹಳ್ಳಿಯ ಮಹಿಳಾ ಮಂಡಳಿಯವರು ಅದೇ ನಿಜವೆಂದು ತಿಳಿದು ಕಾರ್ಯಕ್ರಮಕ್ಕೆ ಕರೆದರು. ಆ ಖಾತೆಯಿಂದ ‘ಬರತೇನಿ’ ಎಂದು ಉತ್ತರ ಹೋಯಿತು. ಹೆಂಗಸರು ಸಂಜೆಯೆಲ್ಲ ಕಾದರು. ಮರುದಿನ ಮಂಡಳಿಯ ಅಧ್ಯಕ್ಷೆ ಎಲ್ಲಿಂದಲೋ ಅತ್ತೆಯ ನಂಬರು ಹುಡುಕಿ ಫೋನ್ ಮಾಡಿದರು.

“ದೊಡ್ಡಾಕಿ ಆಗೀರಿ ಬಿಡ್ರಿ ಅಕ್ಕಾರ. ಆಗೂದಿಲ್ಲ ಅಂದಿದ್ರ ನಾವೇನು ಅಳತಿದ್ವೇನು? ಬರತೇನಿ ಅಂತ ಯಾಕ ಹೇಳಿದ್ರಿ?”

ಅದು ನಾನಲ್ಲ ಎಂದು ಅತ್ತೆ ಎಷ್ಟು ಹೇಳಿದರೂ ಅವರು ನಂಬಲಿಲ್ಲ. ಜ್ವರ ಬಂದಾಗಲೂ ಶಾಲು ಹೊದ್ದು ಬಸ್ ಹತ್ತಿ ಹೋಗಿ ಹಾಡಿ ಬಂದವಳು ಅವಳು. ಫೋನ್ ಕೆಳಗಿಟ್ಟಳು. ಆಮೇಲೆ ನನಗೆ ಹೇಳಿದಳು: “ಮಾತಿಗೆ ತಪ್ಪಿದಾಕಿ ಅನಿಸ್ಕೊಂಡ್ನೆವಾ. ಇದನ್ನ ತೊಳಿಬೇಕು.”

ನಕಲಿ ಖಾತೆಯ ಮೇಲೆ ದೂರು ಕೊಟ್ಟೆ. ಗುರುತಿನ ಚೀಟಿ ಕೇಳಿದರು. ಅತ್ತೆಯ ಆಧಾರ್ ಕಳಿಸಿದೆ. ದೂರನ್ನು ಒಪ್ಪಲಿಲ್ಲ. ನೀಲಿ ಗುರುತಿಗೂ ಅದೇ ಆಧಾರ್ ಹಾಕಿದ್ದೆ. ಅದೂ ಹೋಯಿತು.

ಕಾರಣ ಹೇಳದಿದ್ದರೆ ಹುಡುಕಬೇಕು. ನಿಯಮಗಳ ಪುಟ ತೆರೆದು, ಒಂದೊಂದೇ ಸಾಲು ಬರೆದುಕೊಂಡು, ಎದುರಿಗೆ ನಾವು ಕಳಿಸಿದ್ದನ್ನು ಬರೆದೆ. ಖಾತೆ ಪೂರ್ತಿ ತುಂಬಿರಬೇಕು: ಫೋಟೊ, ಪರಿಚಯ, ಹಾಡು ಎಲ್ಲ ಇದ್ದವು. ನಿಜವಾದ ವ್ಯಕ್ತಿಯದಾಗಿರಬೇಕು: ಸರ್ಕಾರ ಕೊಟ್ಟ, ಫೋಟೊ ಇರುವ ಗುರುತಿನ ಚೀಟಿ ಬೇಕು, ಅದರ ಹೆಸರು ಖಾತೆಗೆ ಹೊಂದಬೇಕು. ಜನ ಹುಡುಕುವಂಥ ವ್ಯಕ್ತಿಯಾಗಿರಬೇಕು: ಅದನ್ನು ಅಳೆಯುವುದು ಹಿಂಬಾಲಕರ ಸಂಖ್ಯೆಯಿಂದಲ್ಲ, ಬೇರೆ ಬೇರೆ ಸುದ್ದಿಮೂಲಗಳು ತಾವಾಗಿ ಬರೆದದ್ದರಿಂದ. ಹಣ ಕೊಟ್ಟು ಹಾಕಿಸಿದ್ದು ಲೆಕ್ಕಕ್ಕಿಲ್ಲ.

ನಾನು ಕಳಿಸಿದ್ದೇನು? ಅತ್ತೆಗೆ ಸನ್ಮಾನವಾದಾಗ ಓಣಿಯ ಯುವಕ ಸಂಘದವರು ಪತ್ರಿಕೆಯಲ್ಲಿ ಹಾಕಿಸಿದ ಅರ್ಧ ಪುಟದ ‘ಹಾರ್ದಿಕ ಅಭಿನಂದನೆಗಳು’. ಮೇಲೆ ಅತ್ತೆ, ಕೆಳಗೆ ಸಾಲಾಗಿ ಸಂಘದವರ ಫೋಟೊ. ನಮ್ಮ ಕಡೆ ಅದಕ್ಕಿಂತ ದೊಡ್ಡ ಸುದ್ದಿ ಇಲ್ಲ. ಅದನ್ನೇ ಎಲ್ಲಕ್ಕಿಂತ ಮೊದಲು ಇಟ್ಟಿದ್ದೆ. ಪರಿಶೀಲಿಸುವವರ ಕಣ್ಣಿಗೆ ಅದು ಬರೀ ಜಾಹೀರಾತು. ಮೂಲ ನೋಡದೆ ಏನನ್ನೂ ನಂಬಬೇಡಿ ಎಂದು ವಿದ್ಯಾರ್ಥಿಗಳಿಗೆ ದಿನವೂ ಹೇಳುವವಳು ನಾನು.

ಇನ್ನೊಂದು ತಪ್ಪು ಅದಕ್ಕಿಂತ ದೊಡ್ಡದು. ನಮ್ಮಲ್ಲಿ ಹಲವು ಮನೆಗಳಲ್ಲಿ ಮದುವೆಯಲ್ಲಿ ಹೆಣ್ಣಿನ ಹೆಸರು ಬದಲಿಸುತ್ತಾರೆ. ತಟ್ಟೆಯಲ್ಲಿ ಅಕ್ಕಿ ಹರಡಿ, ಅದರಲ್ಲಿ ಹೊಸ ಹೆಸರು ಬರೆಯುತ್ತಾರೆ. ಅತ್ತೆಗೂ ಹಾಗೇ ಬರೆದಿದ್ದರು. ರೇಷನ್ ಕಾರ್ಡು, ಮತದಾರರ ಚೀಟಿ, ಆಧಾರ್ ಎಲ್ಲ ಆ ಹೆಸರಿನಲ್ಲಿ ಆದವು. ಹಾಡು ಮಾತ್ರ ತವರಿನ ಹೆಸರಿನಲ್ಲೇ ಉಳಿಯಿತು, ಖಾತೆಯೂ ಅದೇ ಹೆಸರಿನಲ್ಲಿತ್ತು. ನಾನೂ ಅವಳನ್ನು ಹುಟ್ಟಿದಾಗಿನಿಂದ ಬಲ್ಲವಳು. ಆ ಕಾರ್ಡಿನ ಹೆಸರನ್ನು ಓದಿಯೇ ಇರಲಿಲ್ಲ. ಓದುವುದು ಯಾಕೆ, ಅವಳು ಅತ್ತೆಯಲ್ಲವೇ?

ಆ ಸಂಜೆ ಅತ್ತೆಯ ಮನೆಗೆ ಹೋಗಿ ಎಲ್ಲ ವಿವರಿಸಿದೆ. ಅತ್ತೆಯ ಗಂಡ, ಮಾಮಾ, ಶೇಂಗಾ ಸುಲಿಯುತ್ತಿದ್ದರು.

“ರೊಕ್ಕಾ ಕೊಟ್ರ ಆ ಗುರುತು ಸಿಗತೈತಿ ಅಂತಾರಲ್ಲ?” ಎಂದರು.

“ಅದಕ್ಕೂ ಚೀಟಿಯೊಳಗಿನ ಹೆಸರ ಖಾತೆಗೆ ಇರಬೇಕ್ರಿ ಮಾಮಾ. ಸುಲಭದ ದಾರಿ ಅಂದ್ರ ಖಾತೆಯ ಹೆಸರು ಬದಲ ಮಾಡೂದು. ಆಧಾರಿನ ಹೆಸರ ಹಾಕೂದು.”

ಅತ್ತೆ ತಲೆ ಎತ್ತಲಿಲ್ಲ. “ಆ ಹೆಸರಿನಾಕಿ ಒಂದ ಪದಾನೂ ಹಾಡಿಲ್ಲ,” ಎಂದಳು. “ಹಾಡಿದಾಕಿ ಹೆಸರ ಕಾರ್ಡಿನ್ಯಾಗ ಬರೂ ಹಂಗ ಮಾಡಾಕ ಆಗೂದಿಲ್ಲೇನು?”

ಆಗುತ್ತದೆ ಎಂದೆ. ನೋಟರಿಯ ಮುಂದೆ ಅಫಿಡವಿಟ್, ಪತ್ರಿಕೆಯಲ್ಲಿ ಪ್ರಕಟಣೆ, ಸರ್ಕಾರದ ರಾಜ್ಯಪತ್ರದಲ್ಲಿ ಹೆಸರು ಬದಲಾವಣೆ, ಅದನ್ನು ತೋರಿಸಿ ಆಧಾರ್ ತಿದ್ದುಪಡಿ. ತಿಂಗಳುಗಟ್ಟಲೆ ಹಿಡಿಯುತ್ತದೆ. ಇಬ್ಬರೂ ಮಾಮಾನ ಕಡೆ ನೋಡಿದೆವು. ಆ ಹೆಸರು ಇಟ್ಟವರು ಅವರ ಅಪ್ಪ.

ಮಾಮಾ ಶೇಂಗಾ ಬಾಯಿಗೆ ಹಾಕಿಕೊಂಡರು. “ನನ್ನ ಮಾರಿ ಏನ ನೋಡತೀರಿ? ಹೆಸರ ಇಟ್ಟಾಂವ ನಮ್ಮಪ್ಪ. ಕರದಾಂವ ಒಬ್ಬನೂ ಇಲ್ಲ. ನಾ ಅಂತೂ ಇವತ್ತಿನವರೆಗೂ ‘ಏ, ಕೇಳತೇನು’ ಅಂತನ ಕರದೇನಿ.”

“ಅದನ್ನ ಆಧಾರದಾಗ ಬರಸೂಣೇನು?” ಎಂದಳು ಅತ್ತೆ. ಆ ವಾರದಲ್ಲಿ ಮೊದಲ ಸಲ ನಕ್ಕಳು.

ಮುಂದಿನ ತಿಂಗಳುಗಳು ಸರದಿ ನಿಲ್ಲುವುದರಲ್ಲಿ ಹೋದವು. ಒಂದು ಅರ್ಜಿ ಸಹಿ ತಪ್ಪಿದೆ ಎಂದು ವಾಪಸ್ ಬಂತು, ಮತ್ತೆ ಮಾಡಿದೆವು. ಈ ನಡುವೆ ಸವದತ್ತಿಯ ಒಬ್ಬ ವರದಿಗಾರರು ನಕಲಿ ಖಾತೆಯ ಬಗ್ಗೆ ಕೇಳಲು ಬಂದರು. ‘ಚಂದ ಬರೀರಿ’ ಎಂದು ನಾನು ಹೇಳಲಿಲ್ಲ. ರಾಮದುರ್ಗದವರನ್ನೂ ಕೇಳಿ ಬರೆಯಿರಿ ಎಂದಷ್ಟೇ ಹೇಳಿದೆ. ಅವರು ಕೇಳಿಯೇ ಬರೆದರು. ಸುದ್ದಿ ಪತ್ರಿಕೆಯ ಜಾಲತಾಣದಲ್ಲೂ ಬಂತು. ಅದನ್ನು ಓದಿ ಮತ್ತೊಂದು ಪತ್ರಿಕೆಯವರು ಅತ್ತೆಯ ಹಾಡುಗಳ ಬಗ್ಗೆ ಲೇಖನ ಬರೆದರು.

ಹೊಸ ಆಧಾರ್ ಕೈಗೆ ಬಂದ ದಿನವೇ ದೂರನ್ನು ಮತ್ತೆ ಕೊಟ್ಟೆ, ನೀಲಿ ಗುರುತಿಗೂ ಮತ್ತೆ ಅರ್ಜಿ ಹಾಕಿದೆ. ಈ ಸಲ ಕಾರ್ಡಿನ ಹೆಸರು, ಖಾತೆಯ ಹೆಸರು, ಮುಖ, ಮೂರೂ ಒಂದೇ. ಕೆಲವೇ ದಿನಗಳಲ್ಲಿ ನಕಲಿ ಖಾತೆಯನ್ನು ತೆಗೆದಿದ್ದೇವೆ ಎಂದು ಉತ್ತರ ಬಂತು. ಆ ಉತ್ತರವನ್ನೂ ಪತ್ರಿಕೆಯ ಸುದ್ದಿಯನ್ನೂ ರಾಮದುರ್ಗದ ಅಧ್ಯಕ್ಷೆಗೆ ಕಳಿಸಿದೆ. ಅವರು ನನಗೆ ಉತ್ತರ ಬರೆಯಲಿಲ್ಲ, ನೇರ ಅತ್ತೆಗೆ ಫೋನ್ ಮಾಡಿದರು.

“ಅಕ್ಕಾರ, ನಾವ ತಪ್ಪ ತಿಳಕೊಂಡ್ವಿ. ಸಿಟ್ಟ ಮಾಡ್ಕೋಬ್ಯಾಡ್ರಿ, ಬರ್ರಿ.”

“ಬರತೇನಿ,” ಎಂದಳು ಅತ್ತೆ. “ಈ ಸಲ ಅಂದಾಕಿ ನಾನ.”

ನೀಲಿ ಗುರುತಿನ ಎರಡನೆಯ ಅರ್ಜಿಯ ಉತ್ತರ ನಾವು ರಾಮದುರ್ಗದ ಬಸ್ಸಿನಲ್ಲಿದ್ದಾಗ ಬಂತು. ಮತ್ತೆ ಅದೇ ಎರಡು ಸಾಲು. ಈ ಸಲ ಹೆಸರಿನ ಅಡ್ಡಿ ಇಲ್ಲ. ಎರಡು ಲೇಖನ ಸಾಲಲಿಲ್ಲವೆಂದು ನನ್ನ ಅಂದಾಜು. ಅತ್ತೆಗೆ ಓದಿ ಹೇಳಿದೆ.

“ಮತ್ತ ಮೂವತ್ತ ದಿನಾ?”

“ಹೂಂ.”

“ಬರದ ಇಟ್ಕೊ.”

ಆ ಊರಿನ ಸಮುದಾಯ ಭವನದಲ್ಲಿ ಹೆಂಗಸರು ತುಂಬಿದ್ದರು. ನಿರೂಪಣೆ ಮಾಡುತ್ತಿದ್ದ ಶಿಕ್ಷಕಿ ಅತ್ತೆಯ ಬಳಿ ಬಗ್ಗಿ, “ನಿಮ್ಮ ಹೆಸರು ಹೆಂಗ ಹೇಳ್ಲಿರಿ?” ಎಂದು ಕೇಳಿದರು. ಅತ್ತೆ ಕೈ ಚಾಚಿ ಮೈಕು ತೆಗೆದುಕೊಂಡಳು. ತನ್ನ ಹೆಸರನ್ನು ತಾನೇ ಹೇಳಿದಳು. ತವರಿನ ಹೆಸರು, ಮುಂದೆ ದೊಡವಾಡ, ಆಮೇಲೆ ಬೈಲಹೊಂಗಲ. ಶ್ರುತಿಪೆಟ್ಟಿಗೆ ಹಿಡಿದವಳಿಗೆ ಕಣ್ಣಿನಲ್ಲೇ ಸೂಚಿಸಿ ಹಾಡು ಎತ್ತಿದಳು.

ನಾನು ಫೋನಿನಲ್ಲಿ ಮೊದಲು ಮೂವತ್ತು ದಿನ ಮುಂದಿನ ದಿನಾಂಕ ಗುರುತು ಹಾಕಿಕೊಂಡು, ಆಮೇಲೆ ಕ್ಯಾಮೆರಾ ತೆರೆದೆ.