ಮುಚ್ಚಳದ ಮೇಲಿನ ಗುರುತು

ಕುಲುಮೆ ಅಕ್ಕ ಎಂದರೆ ಆ ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತು. ಇಪ್ಪತ್ತೆರಡು ವರ್ಷದಿಂದ ಕುಲುಮೆ ಹಚ್ಚುವವಳೂ ಅವಳೇ, ಆರಿಸುವವಳೂ ಅವಳೇ. ಓದಿದ್ದು ಏಳನೆಯ ತರಗತಿ. ಅಷ್ಟಕ್ಕೇ ಶಾಲೆ ಸಾಕಾಯಿತು, ಶಾಲೆಗೂ ಅವಳು ಸಾಕಾದಳು.

ಅಲ್ಲಿ ತಯಾರಾಗುತ್ತಿದ್ದದ್ದು ಮೂಳೆಯ ತೂತಿಗೆ ತುಂಬುವ ಸರಕು. ಒರಟು ಮರಳಿನಷ್ಟು ದಪ್ಪದ ಬಿಳಿ ಹರಳು. ಅದರಲ್ಲಿ ಎರಡು ಜಾತಿ. ಒಂದರ ಹೆಸರು ಹೈಡ್ರಾಕ್ಸಿಅಪಟೈಟ್. ನಮ್ಮ ಮೂಳೆಯಲ್ಲಿ ಗಟ್ಟಿ ಇರುವುದೆಲ್ಲ ಹೆಚ್ಚುಕಡಿಮೆ ಅದೇ. ಅದನ್ನು ಸುಟ್ಟು ಹರಳು ಮಾಡಿ ತುಂಬಿದರೆ ಮೂಳೆ ಬಂದು ನೇರವಾಗಿ ಅಂಟಿಕೊಳ್ಳುತ್ತದೆ, ಹರಳು ವರ್ಷಗಟ್ಟಲೆ ಹಾಗೆಯೇ ಉಳಿಯುತ್ತದೆ. ಇನ್ನೊಂದು ಟ್ರೈಕ್ಯಾಲ್ಸಿಯಂ ಫಾಸ್ಫೇಟ್. ಅದಕ್ಕೂ ಮೂಳೆ ಅಂಟುತ್ತದೆ, ಆದರೆ ಅದು ನಿಧಾನವಾಗಿ ಕರಗುತ್ತ ಹೋಗುತ್ತದೆ, ಬಿಟ್ಟ ಜಾಗಕ್ಕೆ ಹೊಸ ಮೂಳೆ ಬರುತ್ತದೆ. ಅಷ್ಟುದ್ದದ ಹೆಸರು ಯಾರ ಬಾಯಿಗೂ ಬರುತ್ತಿರಲಿಲ್ಲ. ಕೆಲಸದವರು ಒಂದನ್ನು ‘ಉಳಿಯೋದು’ ಎನ್ನುತ್ತಿದ್ದರು, ಇನ್ನೊಂದನ್ನು ‘ಕರಗೋದು’.

ಅವಳ ಗಂಡನೂ ಅಲ್ಲಿಯೇ ಇದ್ದ, ಪಕ್ಕದ ಕೋಣೆಯಲ್ಲಿ. ಸೊಂಟದ ಕೀಲಿಗೆ ಹಾಕುವ ಅಲ್ಯೂಮಿನಾ ಗುಂಡುಗಳನ್ನು ಉಜ್ಜಿ ನುಣುಪು ಮಾಡುವ ಕೆಲಸ. ಅದಕ್ಕೇ ಅವನು ಎಲ್ಲರಿಗೂ ಗುಂಡಣ್ಣ. ಊಟದ ಹೊತ್ತಿಗೆ ಗಂಡ ಹೆಂಡತಿ ಜಗಳವಾಡುವುದನ್ನು ಕೇಳಲಿಕ್ಕೇ ಜನ ಹತ್ತಿರ ಬಂದು ಕೂರುತ್ತಿದ್ದರು.

“ಏನೇ, ನಿನ್ನ ಸರಕು ಎರಡು ವರ್ಷಕ್ಕೆ ನಾಪತ್ತೆ. ನನ್ನ ಗುಂಡು ನೋಡು, ಹಾಕಿಸ್ಕೊಂಡೋನು ಹೋದ್ರೂ ಅದು ಹೋಗಲ್ಲ.”

“ಹೋಗಲ್ಲ ಸರಿ ರೀ. ಆದ್ರೆ ಮೂಳೆ ಅದನ್ನ ಮಾತಾಡಿಸುತ್ತಾ? ಸುತ್ತ ಒಂದು ತೆಳು ಪೊರೆ ಕಟ್ಟಿ, ನೀನ್ಯಾರೋ ನಾನ್ಯಾರೋ ಅಂತ ಸುಮ್ನಿರುತ್ತೆ. ನಿಮ್ಮಮ್ಮ ನನ್ನ ಜೊತೆ ಇದ್ದ ಹಾಗೆ.”

ಗುಂಡಣ್ಣ ಅನ್ನ ನೆತ್ತಿಗೇರುವ ಹಾಗೆ ನಗುತ್ತಿದ್ದ.

ಒಂದು ಬೆಳಿಗ್ಗೆ ಚಪ್ಪಲಿ ಹಾಕಿಕೊಳ್ಳಲು ಬಗ್ಗಿದವನು ಏಳಲಿಲ್ಲ. ಹೃದಯ ನಿಂತಿತ್ತು. ಐವತ್ತೊಂದು ವರ್ಷ.

ಸುಟ್ಟ ಮರುದಿನ ಮೈದುನ ಬೂದಿಯ ಮಡಕೆ ತಂದುಕೊಟ್ಟ. ಅವಳು ಮುಚ್ಚಳ ತೆಗೆದು ನೋಡಿದಳು. ಬೂದಿಯಲ್ಲಿ ಮೂಳೆಯ ಚೂರುಗಳಿದ್ದವು. ಕೆಲವು ಬೂದುಬಣ್ಣ, ಕೆಲವು ಸುಣ್ಣದ ಹಾಗೆ ಬಿಳಿ.

“ಎಂಟುನೂರು ಡಿಗ್ರಿ ದಾಟಿದೆ,” ಎಂದಳು.

“ಏನತ್ತಿಗೆ?”

“ಬಿಳಿ ಆಗಿರೋ ಕಡೆ. ಎಂಟುನೂರು ದಾಟಿದೆ.”

ಮೈದುನ ತನ್ನ ಹೆಂಡತಿಯ ಮುಖ ನೋಡಿದ. ಅತ್ತಿಗೆಗೆ ತಲೆ ಕೆಟ್ಟಿತು ಎಂದುಕೊಂಡಿರಬೇಕು. ತಲೆ ಕೆಟ್ಟಿರಲಿಲ್ಲ. ಮೂಳೆಯಲ್ಲಿರುವ ನಾರೆಲ್ಲ ಸುಟ್ಟುಹೋದರೆ ಉಳಿಯುವುದು ಯಾವುದು ಎಂದು ಆ ಮನೆಯಲ್ಲಿ ಗೊತ್ತಿದ್ದದ್ದು ಅವಳಿಗೆ ಮಾತ್ರ. ದಿನಾ ಕೈಯಲ್ಲಿ ಮುಟ್ಟುತ್ತಿದ್ದದ್ದೇ ಅದು.

ಇಪ್ಪತ್ತು ದಿನಕ್ಕೆ ಕೆಲಸಕ್ಕೆ ಬಂದಳು. ಮನೆಯಲ್ಲಿ ಕೂತರೆ ಗೋಡೆ ನೋಡಬೇಕು, ಇಲ್ಲಿ ಕುಲುಮೆ ನೋಡಬಹುದು. ಆದರೆ ಮೈಯಲ್ಲಿ ಕಸುವಿರಲಿಲ್ಲ. ನಿಂತಲ್ಲಿ ನಿದ್ದೆ ಬರುತ್ತಿತ್ತು, ಮಲಗಿದರೆ ಬರುತ್ತಿರಲಿಲ್ಲ.

ಬಂದ ವಾರದಲ್ಲೇ ಸಣ್ಣ ಕುಲುಮೆಯ ಕಾಯಿಸುವ ಸರಳು ಸುಟ್ಟುಹೋಯಿತು. ಯಾವಾಗಲೂ ಉಳಿಯೋದಕ್ಕೆ ಒಂದು ಕುಲುಮೆ, ಕರಗೋದಕ್ಕೆ ಇನ್ನೊಂದು. ಈಗ ಇದ್ದದ್ದು ಒಂದೇ. ಎರಡಕ್ಕೂ ಬೇಡಿಕೆ ಬಂದಿತ್ತು. ಉಳಿಯೋದು ಒಬ್ಬ ಹಲ್ಲಿನ ಡಾಕ್ಟರಿಗೆ, ಸವೆದ ದವಡೆಯನ್ನು ಎತ್ತರಿಸಲು. ಅಲ್ಲಿ ಹರಳು ಕರಗಿದರೆ ಕೊಟ್ಟ ಎತ್ತರವೂ ಇಳಿಯುತ್ತದೆ. ಕರಗೋದು ಮೂಳೆ ಡಾಕ್ಟರಿಗೆ. ಒಂಬತ್ತು ವರ್ಷದ ಹುಡುಗಿ, ತೋಳಿನ ಮೂಳೆಯ ಒಳಗೆ ನೀರುಗುಳ್ಳೆಯಾಗಿ ಟೊಳ್ಳು ಬಿದ್ದು, ಬ್ಯಾಗು ಎತ್ತಿದ್ದಕ್ಕೇ ಮುರಿದಿತ್ತು. ಆಪರೇಷನ್ ಗುರುವಾರ.

“ಎರಡನ್ನೂ ಸಾವಿರದ ನೂರಕ್ಕೆ ಒಟ್ಟಿಗೇ ಸುಡಬಹುದಲ್ಲಕ್ಕಾ?” ಎಂದು ಮೇನೇಜರ್ ಕೇಳಿದ.

ಸುಡಬಹುದಿತ್ತು. ಕರಗೋದನ್ನು ಅದಕ್ಕಿಂತ ಮೇಲೆ ಒಯ್ದರೆ ಅದರ ಒಳಗಿನ ಕಟ್ಟು ಬದಲಾಗುತ್ತದೆ. ಸಾವಿರದ ನೂರು ಎರಡಕ್ಕೂ ನಡೆಯುತ್ತದೆ.

ಸೋಮವಾರ ಎರಡು ಪಿಂಗಾಣಿ ಡಬ್ಬಿ ತುಂಬಿದಳು. ಡಬ್ಬಿಯ ಮುಚ್ಚಳಕ್ಕೆ ಕೆಮ್ಮಣ್ಣಿನ ನೀರಿನಲ್ಲಿ ಗುರುತು ಹಾಕುವುದು ಪದ್ಧತಿ. ಉಳಿಯೋದಕ್ಕೆ ಚುಕ್ಕೆ, ಕರಗೋದಕ್ಕೆ ಗೆರೆ. ಕೆಮ್ಮಣ್ಣಿನ ಕೆಂಪು ಕಬ್ಬಿಣದ್ದು, ಬೆಂಕಿಗೆ ಅಳಿಸುವುದಿಲ್ಲ. ಆ ಮಣ್ಣನ್ನು ನೀರಲ್ಲಿ ಅರೆದು ಸಣ್ಣ ಸೀಸೆಗೆ ತುಂಬಿ ಕೊಡುತ್ತಿದ್ದವನು ಗುಂಡಣ್ಣ. ಸೀಸೆ ತೆಗೆದು ನೋಡಿದಳು. ಒಣಗಿ ಬಿರುಕುಬಿಟ್ಟಿತ್ತು. ಅದನ್ನು ಅಲ್ಲಿಯೇ ಇಟ್ಟಳು. ಜೇಬಿನಲ್ಲಿ ಮಾರ್ಕರ್ ಪೆನ್ನಿತ್ತು. ಅದರಲ್ಲೇ ಚುಕ್ಕೆ ಹಾಕಿದಳು, ಗೆರೆ ಎಳೆದಳು, ಡಬ್ಬಿಗಳನ್ನು ಒಳಗಿಟ್ಟು ಬಾಗಿಲು ಹಾಕಿದಳು.

ಮಂಗಳವಾರ ಕುಲುಮೆ ತಣ್ಣಗಾಗಿತ್ತು. ಬಾಗಿಲು ತೆಗೆದರೆ ಎರಡು ಡಬ್ಬಿ, ಎರಡು ಮುಚ್ಚಳ, ಎರಡೂ ಬೋಳು.

ಅವಳು ನೋಡಿದಳು. ಮುಚ್ಚಳ ತೆಗೆದಳು. ಎಡಗಡೆಯದು ಬಿಳಿ. ಬಲಗಡೆಯದೂ ಬಿಳಿ. ಒಂದೇ ಜರಡಿಯಲ್ಲಿ ಸೋಸಿದ್ದು, ಒಂದೇ ದಪ್ಪ. ಹರಳಿನಲ್ಲಿ ತೂತು ಬರಲಿ ಎಂದು ಬೆರೆಸಿದ ಗಂಜಿಪುಡಿಯೂ ಒಂದೇ, ಅದು ಸುಟ್ಟು ಬಿಟ್ಟ ತೂತುಗಳೂ ಒಂದೇ ಥರ. ಪೆನ್ನಿನ ಮಸಿ ಬೆಂಕಿಯಲ್ಲಿ ನಿಲ್ಲುವುದಿಲ್ಲ ಎಂದು ಹೊಸಬರಿಗೆ ಮೊದಲನೆಯ ದಿನ ಹೇಳಿಕೊಡುತ್ತಿದ್ದವಳೇ ಅವಳು.

ಪರೀಕ್ಷೆಯ ಕೋಣೆಯ ಹುಡುಗಿಯನ್ನು ಕರೆದಳು. ಎಮ್ಮೆಸ್ಸಿ ಓದಿದವಳು, ಎಲ್ಲರೂ ಅವಳನ್ನು ಕನ್ನಡಕ ಎನ್ನುತ್ತಿದ್ದರು. ಕನ್ನಡಕ ಹರಳನ್ನು ಬೆಳಕಿಗೆ ಹಿಡಿದು ನೋಡಿದಳು, ಮೂಗಿನ ಹತ್ತಿರ ತಂದಳು.

“ನೆಕ್ಕಿಬಿಡು ಇನ್ನ,” ಎಂದಳು ಕುಲುಮೆ ಅಕ್ಕ.

“ಅಕ್ಕಾ, ಉಳಿಯೋದು ಕೆಲವು ಸಲ ತಿಳಿನೀಲಿಗೆ ತಿರುಗುತ್ತಲ್ಲ?”

“ಪುಡಿಯಲ್ಲಿ ಮ್ಯಾಂಗನೀಸ್ ಇದ್ರೆ. ಈ ಸಲದ್ದು ಶುದ್ಧ. ಶುದ್ಧ ಆಗಿದ್ದೇ ತಪ್ಪಾಯ್ತು.”

“ಹುಳಿಯಲ್ಲಿ ಹಾಕಿ ನೋಡೋಣ. ಯಾವುದು ಬೇಗ ಕರಗುತ್ತೋ ಅದು.”

“ಎರಡೂ ಕರಗುತ್ತೆ. ಒಂದು ಸ್ವಲ್ಪ ಬೇಗ, ಒಂದು ಸ್ವಲ್ಪ ನಿಧಾನ. ಸ್ವಲ್ಪ ಅನ್ನೋದನ್ನ ನಂಬಿ ಮಗು ತೋಳಿಗೆ ತುಂಬ್ತೀಯಾ?”

ಹೊಸದಾಗಿ ಸುಡೋಣವೆಂದರೆ ಕರಗೋದರ ಪುಡಿ ಮುಗಿದಿತ್ತು. ಖಚಿತವಾಗಿ ಹೇಳುವುದು ಕಾಲೇಜಿನ ಎಕ್ಸ್‌ರೇ ಯಂತ್ರ ಒಂದೇ. ಹರಳಿನ ಒಳಗಿನ ಕಟ್ಟು ಹೇಗಿದೆ ಎಂದು ಅದು ಗೆರೆ ಬರೆದು ತೋರಿಸುತ್ತದೆ. ಪ್ರತಿ ಸಲದ ಸರಕಿನ ಮಾದರಿಯೂ ಅಲ್ಲಿಗೆ ಹೋಗುತ್ತಿತ್ತು. ವರದಿ ಬರಲು ಐದಾರು ದಿನ. ಅವಸರ ಇದ್ದಾಗ ಮೇನೇಜರ್ ವರದಿಗೆ ಕಾಯುತ್ತಿರಲಿಲ್ಲ, ಕುಲುಮೆ ಅಕ್ಕ ಸರಿ ಎಂದರೆ ಸರಕು ಹೊರಡುತ್ತಿತ್ತು.

ಮೇನೇಜರ್ ಬಂದ. ವಿಷಯ ಕೇಳಿದ. ಕೂಗಾಡಲಿಲ್ಲ. ಸ್ಟೂಲು ಎಳೆದುಕೊಂಡು ಕೂತ.

“ಅಕ್ಕಾ, ಇಪ್ಪತ್ತೆರಡು ವರ್ಷ. ನಿಮ್ಮ ಕೈಗೆ ಗೊತ್ತಿರಲ್ವಾ? ಯಾವ ಕಡೆ ಯಾವುದಿಟ್ರಿ, ನೆನಪು ಮಾಡ್ಕೊಳ್ಳಿ.”

ಅವಳು ಕಣ್ಣು ಮುಚ್ಚಿದಳು. ಕರಗೋದನ್ನು ಎಡಕ್ಕೆ ಇಟ್ಟ ಹಾಗಿತ್ತು. ಆದರೆ ನಡುವೆ ಒಂದು ಸಲ ಎರಡನ್ನೂ ಹೊರಗೆ ತೆಗೆದು ಡಬ್ಬಿಗಳ ಕೆಳಗೆ ಹಾಸುವ ಬಿಲ್ಲೆ ಸರಿಮಾಡಿದ್ದಳು. ಮತ್ತೆ ಇಡುವಾಗ ಮನಸ್ಸು ಅಲ್ಲಿರಲಿಲ್ಲ. ಎಲ್ಲಿತ್ತು ಎಂದು ಹೇಳಬೇಕಾಗಿಲ್ಲ.

“ಎಡಗಡೇದು ಕರಗೋದು ಅಂತ ಅನ್ಸುತ್ತೆ.”

“ಮುಗೀತಲ್ಲ! ಕಳಿಸೋಣ. ವರದಿ ಆಮೇಲೆ ಬರುತ್ತೆ.”

ಹೂಂ ಎಂದರೆ ಮುಗಿಯುತ್ತಿತ್ತು. ಮನೆಗೆ ಹೋಗಿ ಬಿದ್ದುಕೊಳ್ಳಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ, ಇಪ್ಪತ್ತೆರಡು ವರ್ಷದ ಹೆಸರೂ ಹಾಗೆಯೇ ಉಳಿಯುತ್ತಿತ್ತು. ಅವಳಿಗೆ ಆಗ ಬೇಕಾಗಿದ್ದದ್ದು ಅದೊಂದೇ, ಮಲಗುವುದು.

“ಅನ್ಸುತ್ತೆ ಅಂದೆ. ಗೊತ್ತು ಅಂದಿಲ್ಲ.”

“ಅಕ್ಕಾ...”

“ಗೊತ್ತಿಲ್ಲ ನಂಗೆ. ಡಾಕ್ಟ್ರಿಗೆ ಫೋನ್ ಹಚ್ಚಿ. ನಾನೇ ಮಾತಾಡ್ತೀನಿ.”

ಮೇನೇಜರ್ ನಂಬರು ಒತ್ತಿ ಫೋನು ಅವಳ ಕೈಗೆ ಕೊಟ್ಟ. ಆ ಕಡೆ ಮೂಳೆ ಡಾಕ್ಟರ ದನಿಯೂ ದಣಿದಿತ್ತು.

“ತಪ್ಪು ನಂದು ಸಾರ್. ಗುರುತು ಸುಟ್ಟುಹೋಯ್ತು. ಯಾವುದು ಯಾವುದು ಅಂತ ತಿಳೀತಾ ಇಲ್ಲ.”

“ಏನಮ್ಮಾ ಇದು? ನಾಳಿದ್ದು ಆಪರೇಷನ್. ಮಗು ಅಪ್ಪ ರಜಾ ಹಾಕಿ ಬಂದಿದ್ದಾನೆ.”

“ಕರಗೋದರ ಬದ್ಲು ಕರಗದೇ ಉಳಿಯೋದು ಬಂದ್ಬಿಟ್ರೆ ಏನಾಗುತ್ತೆ ಸಾರ್?”

“ನಾಳೇನೇ ಏನೂ ಆಗಲ್ಲ. ಮೂಳೆ ಅಂಟಿಕೊಳ್ಳುತ್ತೆ. ಆದ್ರೆ ಮಗು ಬೆಳೆಯುತ್ತಮ್ಮಾ, ಅದು ಬೆಳೆಯಲ್ಲ. ತೋಳೊಳಗೆ ಪಿಂಗಾಣಿ ಗಡ್ಡೆ ಥರ ಕೂತಿರುತ್ತೆ. ಮುಂದೆ ಅಲ್ಲಿ ಮತ್ತೆ ಮುರಿದ್ರೆ ನಾನೇ ಕೆರೆದು ತೆಗೀಬೇಕು.”

“ಹಾಗಾದ್ರೆ ಕಳ್ಸಲ್ಲ.”

“ಇಲ್ಲಾಂದ್ರೆ ಮಗು ಸೊಂಟದಿಂದ್ಲೇ ಮೂಳೆ ತೆಗೆದು ತುಂಬಬೇಕು. ಅದು ಇನ್ನೊಂದು ಗಾಯ.”

“ಒಂದು ವಾರ ಕಾಯೋಕಾಗಲ್ವಾ ಸಾರ್?”

ಆ ಕಡೆ ಯಾರೋ ಟ್ರಾಲಿ ತಳ್ಳಿದ ಸದ್ದು ಕೇಳಿಸಿತು.

“ಕೈ ಜೋಲಿಯಲ್ಲಿದೆ. ಒಂದು ವಾರ ತಡೀತೀನಿ. ಅದ್ರ ಮೇಲೆ ತಡೆಯಲ್ಲ. ನೀವು ಫೋನ್ ಮಾಡದೆ ಕಳಿಸಿದ್ರೆ ನಾನು ನೋಡದೆ ತುಂಬ್ತಿದ್ದೆ, ತಿಳೀತಾ?”

“ತಿಳೀತು ಸಾರ್.”

ಫೋನಿಟ್ಟಳು. ಮೇನೇಜರ್ ಎದ್ದು ಹೋದ. ಸಂಜೆ ಅವನ ಕೋಣೆಗೆ ಕರೆಸಿ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡ. ತಪ್ಪು ಅವಳದು ಎಂದು ಅದರಲ್ಲಿತ್ತು. ಓದಿಯೇ ಹಾಕಿದಳು.

ಆ ವಾರ ಅವಳು ದಿನಾ ಬಂದಳು. ಕುಲುಮೆ ಒರೆಸಿದಳು, ಜರಡಿ ತೊಳೆದಳು. ಎರಡರ ಮಾದರಿಯೂ ಕಾಲೇಜಿಗೆ ಹೋಗಿತ್ತು; ಎಡ, ಬಲ ಎಂದು ಚೀಟಿ ಅಂಟಿಸಿದ ಎರಡು ಡಬ್ಬಿ ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂತಿದ್ದವು. ಜೊತೆಯವರು ಮೊದಲಿನ ಹಾಗೆ ರೇಗಿಸಲಿಲ್ಲ. ಅದು ಬೈಗುಳಕ್ಕಿಂತ ಭಾರವಾಗಿತ್ತು. ಜೋಲಿಯಲ್ಲಿ ಕೈ ಹಾಕಿಕೊಂಡ ಹುಡುಗಿ ಅವಳು ಎಂದೂ ಕಾಣದವಳು. ಆದರೂ ಅನ್ನ ಕಲಸುವಾಗ ಆ ಮಗು ಈಗ ಎಡಗೈಯಲ್ಲಿ ತಿನ್ನುತ್ತಿರಬೇಕು ಎನ್ನಿಸುತ್ತಿತ್ತು. ಯಾವ ತೋಳು ಎಂದು ಅವಳು ಕೇಳಿರಲಿಲ್ಲ.

ಸೋಮವಾರ ಕನ್ನಡಕ ವರದಿ ಹಿಡಿದು ಓಡಿಬಂದಳು. ಕಾಗದದ ತುಂಬ ಏರಿಳಿದ ಗೆರೆ.

“ಅಕ್ಕಾ, ಎಡಗಡೇದೇ ಕರಗೋದು! ನೀವು ಹೇಳಿದ್ದೇ ಸರಿ!”

ಮೇನೇಜರ್ ಹಿಂದೆಯೇ ಬಂದ. “ನೋಡಿದ್ರಾ? ಅವತ್ತೇ ಕಳಿಸಿದ್ರೆ ಆಗ್ತಿತ್ತು. ಒಂದು ವಾರ ಹಾಳು, ಡಾಕ್ಟ್ರ ಹತ್ರ ಬೈಸಿಕೊಂಡಿದ್ದು ಬೇರೆ.”

“ಹೌದು,” ಎಂದಳು.

“ಹೌದು ಅಂದ್ರೆ?”

“ಹೌದು, ಸರಿ ಇತ್ತು. ಅವತ್ತು ನಂಗೆ ಗೊತ್ತಿರ್ಲಿಲ್ಲ. ಮುಂದಿನ ಸಲಾನೂ ವರದಿ ಬರೋ ತನಕ ಕಳ್ಸಲ್ಲ. ಇನ್ನು ನನ್ನ ಬಾಯಿ ಮಾತಿಗೆ ಯಾವುದೂ ಹೋಗೋದು ಬೇಡ.”

ಮೇನೇಜರ್ ತಲೆ ಕೆರೆದುಕೊಂಡ. “ಯಾವಾಗ್ಲೂ ನಿಮ್ಮ ಮಾತಿಗೇ ಕಳಿಸ್ತಿದ್ದೆ ನಾನು.”

“ಅದೇ ಹೇಳ್ತಿರೋದು.”

ಎಡಗಡೆಯ ಡಬ್ಬಿಯ ಹರಳನ್ನು ಸೀಸೆಗೆ ತುಂಬಿ, ಕನ್ನಡಕಳಿಂದ ಚೀಟಿ ಬರೆಸಿ, ತಾನೂ ಓದಿ, ಇನ್ನೊಬ್ಬರಿಂದಲೂ ಓದಿಸಿ ಕಳಿಸಿದಳು. ಆಸ್ಪತ್ರೆಯವರು ಅದನ್ನು ಹಬೆಯಲ್ಲಿ ಕ್ರಿಮಿಶುದ್ಧಿ ಮಾಡಿ ಬುಧವಾರ ಬೆಳಿಗ್ಗೆ ಹುಡುಗಿಯ ತೋಳಿಗೆ ತುಂಬಿದರು.

ಆರು ತಿಂಗಳ ಮೇಲೆ ಡಾಕ್ಟರು ಮೇನೇಜರ್ ಫೋನಿಗೆ ಎಕ್ಸ್‌ರೇ ಚಿತ್ರ ಕಳಿಸಿದರು. ಕನ್ನಡಕ ಅದನ್ನು ದೊಡ್ಡದು ಮಾಡಿ ತೋರಿಸಿದಳು. ಟೊಳ್ಳಿನ ಅಂಚಿನ ಹರಳುಗಳ ಗೆರೆ ಮಸುಕಾಗಿತ್ತು, ಅಲ್ಲಿ ಮೂಳೆ ಒಳಗೆ ಬರುತ್ತಿತ್ತು. ನಡುವಿನವು ಇನ್ನೂ ಎದ್ದು ಕಾಣುತ್ತಿದ್ದವು.

“ಕರಗ್ತಾ ಇದೆ ಅಕ್ಕಾ.”

ಕುಲುಮೆ ಅಕ್ಕ ಬಹಳ ಹೊತ್ತು ನೋಡಿದಳು.

“ನಡುವಿಂದು ಇನ್ನೂ ಹಾಗೇ ಇದೆಯಲ್ಲೇ.”

“ಅದಕ್ಕೆ ಇನ್ನೂ ಒಂದು ವರ್ಷ ಬೇಕಂತೆ.”

“ತಗೊಳ್ಳಲಿ,” ಎಂದು ಫೋನು ವಾಪಸು ಕೊಟ್ಟಳು.