ಬರೆಯದ ಹದಿನಾರು ಭಾನುವಾರ

ಕಬ್ಬಿಣ ಕಡೆಯುವ ಲೇತ್ ಯಂತ್ರದ ಮುಂದೆ ಹತ್ತೊಂಬತ್ತು ವರ್ಷ ನಿಂತ ಟರ್ನರ್‌ಗೆ ಕಬ್ಬಿಣದ ಲೆಕ್ಕ ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ. ಕಾಗದದ ಲೆಕ್ಕವೆಂದರೆ ಮಾತ್ರ ಮಹರಾಯನಿಗೆ ತಲೆನೋವು. ಹಾಜರಿ ಪುಸ್ತಕದಲ್ಲಿ ವಾರದ ಸಹಿಯನ್ನೆಲ್ಲ ಶನಿವಾರ ಒಟ್ಟಿಗೆ ಗೀಚಿ ಕೈ ತೊಳೆದುಕೊಳ್ಳುವ ಆಸಾಮಿ.

ಕಳೆದ ವರ್ಷ ಮಗಳ ಕಾಲೇಜಿಗೆಂದು ಹನ್ನೆರಡು ಸಾವಿರ ಮುಂಗಡ ತೆಗೆದುಕೊಂಡಿದ್ದ. ವರ್ಕ್‌ಶಾಪಿನ ಸಾಹುಕಾರರು ಅದನ್ನು ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿದರು. ಸಂಬಳದಲ್ಲಿ ಹಿಡಿದರೆ ಮನೆ ನಡೆಯುವುದಿಲ್ಲವೆಂದು ಭಾನುವಾರಗಳಲ್ಲಿ ದುಡಿದು ತೀರಿಸುವ ಮಾತಾಯಿತು. ದಿನಗೂಲಿ ಏಳುನೂರೈವತ್ತು, ಹದಿನಾರು ಭಾನುವಾರ. "ಇದನ್ನ ಮಾತ್ರ ಬರೀಬೇಡಿ ಯಜಮಾನ್ರೇ, ಉಳಿದವರು ನೋಡಿದ್ರೆ ನಮಗೂ ಭಾನುವಾರ ಕೆಲಸ ಕೊಡಿ ಅಂತ ಗಂಟುಬೀಳ್ತಾರೆ" ಎಂದವನು ಅವನೇ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಹದಿನಾರೂ ಭಾನುವಾರ ಬೆವರು ಸುರಿಸಿದ. ಕಂಡವರು ಸಾಹುಕಾರರೊಬ್ಬರೇ.

ಈಗ ಸಾಹುಕಾರರು ಪಾರ್ಶ್ವವಾಯು ಹೊಡೆದು ಮಲಗಿದ್ದಾರೆ. ಪುಸ್ತಕ ಅವರ ಮಗಳ ಕೈಗೆ ಬಂದಿದೆ. ಟರ್ನರ್‌ನ ಹೆಂಡತಿಗೆ ಕಣ್ಣೊಳಗಿನ ರೆಟಿನಾ ಪೊರೆ ಹರಿದಿದೆ. ಹತ್ತು ದಿನದೊಳಗೆ ಆಪರೇಷನ್ ಆಗದಿದ್ದರೆ ಆ ಕಣ್ಣು ಹೋದಂತೆಯೇ. ಬೇಕಾದದ್ದು ಇಪ್ಪತ್ತು ಸಾವಿರ. ಕೇಳಬಹುದಾದ ಕಡೆಯೆಲ್ಲ ಕೇಳಿ ಆಗಿದೆ.

"ಹಳೇ ಮುಂಗಡ ತೀರದೆ ಹೊಸದು ಕೊಡೋ ಹಾಗಿಲ್ಲ ಮಾಮ. ಅಪ್ಪನೇ ಮಾಡಿದ ನಿಯಮ. ನೋಡಿ, ವಸೂಲಿ ಕಾಲಮ್ಮು ಖಾಲಿ."

"ದುಡಿದು ತೀರಿಸಿದೀನಮ್ಮಾ! ಅಪ್ಪಾವ್ರನ್ನೇ ಕೇಳು."

ಹುಡುಗಿ ಒಳ್ಳೆಯವಳೇ, ಹಿಂದಿನ ಕೋಣೆಗೆ ಕರೆದುಕೊಂಡು ಹೋದಳು. "ಅಪ್ಪಾ, ಮಾಮ ಭಾನುವಾರ ಬಂದು ಮುಂಗಡ ತೀರಿಸಿದ್ರಾ?" ಮುದುಕರು ಹೌದೆಂಬಂತೆ ತಲೆಯಾಡಿಸಿದರು. ಟರ್ನರ್‌ಗೆ ಹೋದ ಜೀವ ಬಂದಂತಾಯಿತು. ಅವಳು ತಡೆದು ಇನ್ನೊಂದು ಕೇಳಿದಳು: "ತೀರಿಸಿಲ್ವಾ ಅಪ್ಪಾ?" ಅದಕ್ಕೂ ಹಾಗೆಯೇ ತಲೆಯಾಡಿಸಿ, ಜೊಲ್ಲು ಸುರಿಸುತ್ತ ನಕ್ಕರು.

ಇದಕ್ಕೆ ಯಾರನ್ನು ಬೈಯುವುದು? ಹೊರಗೆ ಆರು ಜನ ಕೆಲಸ ನಿಲ್ಲಿಸಿ ಕಿವಿ ಇಟ್ಟುಕೊಂಡಿದ್ದರು. ಒಬ್ಬನ ಬಾಯಿಮಾತು ಒಪ್ಪಿದರೆ ನಾಳೆ ಆರೂ ಜನರ ಬಾಯಿಮಾತು ಒಪ್ಪಬೇಕು. ಅವಳ ಕಣ್ಣಲ್ಲೂ ನೀರಿತ್ತು.

"ನಾಳೆ ಭಾನುವಾರದಿಂದ ಬನ್ನಿ ಮಾಮ. ಬಂದ ಹೊತ್ತು, ಹೋದ ಹೊತ್ತು ಬರೆದು ಅವತ್ತವತ್ತೇ ಇಬ್ಬರೂ ಸಹಿ ಹಾಕೋಣ. ಎಷ್ಟು ತೀರ್ತು ಅಂತ ಚೀಟಿ ನಿಮ್ಮ ಕೈಲೂ ಇರುತ್ತೆ. ತೀರಿದ ದಿನವೇ ಇಪ್ಪತ್ತು ಸಾವಿರ ಕೊಡ್ತೀನಿ."

ಮತ್ತೆ ಹದಿನಾರು ಭಾನುವಾರ. ಅವನ ಕೈಲಿದ್ದದ್ದು ಹತ್ತು ದಿನ. ಕಾಲು ಹಿಡಿಯಬೇಕೆನಿಸಿತು. ಮಗಳ ವಯಸ್ಸಿನವಳ ಕಾಲು, ಬಗ್ಗಲಾಗಲಿಲ್ಲ.

ಮನೆಯಲ್ಲಿ ಹೆಂಡತಿ ಒಂದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಬಾಗಿಲಲ್ಲೇ ಕೂತಿದ್ದಳು. "ಏನಂದ್ರು?"

ಟರ್ನರ್ ಚಪ್ಪಲಿ ಬಿಡುತ್ತ, "ಈ ಸಲ ಎಲ್ಲಾ ಪುಸ್ತಕದಲ್ಲಿ ಬರ್ಕೋತಾರಂತೆ ಕಣೆ" ಎಂದ.

"ಬರ್ಕೋತಾರಾ? ಸದ್ಯ, ಹಾಗಾದ್ರೆ ದುಡ್ಡು ಸಿಕ್ಕ ಹಾಗೇ ಬಿಡಿ" ಎಂದು ಅವಳು ಆಸ್ಪತ್ರೆಗೆ ಒಯ್ಯಬೇಕಾದ ಬಟ್ಟೆಗಳನ್ನು ಮಡಚತೊಡಗಿದಳು.